ಬ್ಯಾಡ್ಜ್ ಇದ್ದರೆ ರಿಕ್ರೂಟರ್ ಅಸಲಿಯೇ?

ಲಿಂಕ್ಡ್‌ಇನ್ ನನ್ನ ಗುರುತು ವೆರಿಫೈ ಮಾಡಲು ಕೇಳುತ್ತಿದೆ. ವೆರಿಫೈ ಆಗಿರುವ ರಿಕ್ರೂಟರ್‌ನ ನಂಬಬಹುದಾ?

ಬ್ಯಾಡ್ಜ್ ಒಂದನ್ನೇ ನೋಡಿ ನಂಬಬೇಡಿ. ಗುರುತಿನ ಚೀಟಿ ಕೊಟ್ಟು ವೆರಿಫೈ ಮಾಡಿಸಿದರೆ ಹೆಸರು ನಿಜ ಅಂತ ಮಾತ್ರ ಗೊತ್ತಾಗುತ್ತದೆ. ಕೆಲಸದ ವಿವರ ಅವರವರೇ ಟೈಪ್ ಮಾಡಿದ್ದು. ಬೇರೆಯವರ ಪ್ರೊಫೈಲ್‌ನಿಂದ ಹಾಗೇ ಎತ್ತಿ ಅಂಟಿಸಬಹುದು. ಆದರೆ ಕೆಲಸ ಮಾಡುವ ಕಂಪನಿಯನ್ನು ವೆರಿಫೈ ಮಾಡಿಸುವಾಗ ಕಂಪನಿಯ ಇಮೇಲ್‌ಗೆ ಬರುವ ಕೋಡ್ ನಕಲಿಯವನ ಕೈಗೆ ಸುಲಭವಾಗಿ ಸಿಗುವುದಿಲ್ಲ ಅಲ್ವಾ?

ಅದಕ್ಕೇ ಅವರ ಪ್ರೊಫೈಲ್‌ನಲ್ಲಿ About this profile ತೆರೆದು, ಕಂಪನಿ ವೆರಿಫೈ ಆಗಿದೆಯಾ ನೋಡಿ. ಖಾತೆ ಯಾವಾಗ ಶುರುವಾಯಿತು ಅನ್ನುವುದೂ ಅಲ್ಲೇ ಇರುತ್ತದೆ. 12 ವರ್ಷದ ಎಚ್‌ಆರ್ ಅನುಭವ, ಖಾತೆ ಮಾತ್ರ ಹೋದ ತಿಂಗಳದ್ದು ಅಂದರೆ ಅನುಮಾನ ಪಡಿ. ಹಾಗಂತ ವೆರಿಫೈ ಆಗದವರೆಲ್ಲ ಕಳ್ಳರಲ್ಲ, ಎಷ್ಟೋ ಜನ ಸುಮ್ನೆ ಮಾಡಿಸಿರುವುದಿಲ್ಲ. ಅಂಥವರಿಗೆ ಕಂಪನಿಯ ಇಮೇಲ್‌ನಿಂದ ಒಂದು ಸಾಲು ಕಳಿಸಲು ಹೇಳಿ.