ಲೋಳೆ ಜಾರತೊಡಗಿದ ದಿನ

ಪ್ರಶ್ನೆ: ನನ್ನ ಗಂಡನಿಗೆ ಸಂಡೂರಿನ ಗಣಿಯಲ್ಲಿ ಕೆಲಸ, ಸಿಂಧನೂರಿಗೆ ಅಪರೂಪಕ್ಕೆ ಬರುತ್ತಾರೆ. ಮಗುವಿಗಾಗಿ ಕಾಯುತ್ತಿದ್ದೇವೆ. ಬಿಳಿ ಲೋಳೆ ನೋಡಿ ಯಾವಾಗ ಬರಹೇಳಲಿ?

ಲೋಳೆ ತೆಳುವಾಗಿ ಜಾರತೊಡಗಿದ ದಿನವೇ ಫೋನ್ ಮಾಡಿ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಬಳಿಕ ಮಂಕಾದ ಅಂಟು ಲೋಳೆ ಕಾಣುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನ್ ಏರಿದಂತೆ ಅದು ಹಸಿ ಮೊಟ್ಟೆಯ ಬಿಳಿಭಾಗದಂತೆ ತಿಳಿಯಾಗುತ್ತದೆ. ಎರಡು ಬೆರಳುಗಳ ನಡುವೆ ಎಳೆದರೆ ತುಂಡಾಗದೆ ಹಿಗ್ಗುತ್ತದೆ. ಇಂಥ ಲೋಳೆಯಲ್ಲಿ ವೀರ್ಯಾಣು 5 ದಿನದವರೆಗೂ ಬದುಕಬಲ್ಲದು. ಅಂಡಾಣುವಿನ ಆಯುಷ್ಯ ಹೆಚ್ಚೆಂದರೆ ಒಂದು ದಿನ.

ನಿಮ್ಮ ಋತುಚಕ್ರ 32 ದಿನದ್ದೆಂದುಕೊಳ್ಳಿ. ಮುಟ್ಟು ಶುರುವಾದ ದಿನದಿಂದ ಎಣಿಸಿ 15ನೇ ದಿನ ಲೋಳೆ ಜಾರತೊಡಗಿ, 18ರಂದು ಚೆನ್ನಾಗಿ ಹಿಗ್ಗಿ, 19ರಂದು ಮತ್ತೆ ಅಂಟಾಯಿತು. ಅಂಡಾಣು ಸಾಮಾನ್ಯವಾಗಿ 18ರ ಆಸುಪಾಸಿನಲ್ಲೇ ಹೊರಬರುತ್ತದೆ. ಆದರೆ 18 ಜಾರುವ ಲೋಳೆಯ ಕೊನೆಯ ದಿನವಾಗಿತ್ತೆಂದು ತಿಳಿಯುವುದು 19ರಂದು! ಅದಕ್ಕೇ 15ರಂದೇ ಕರೆಸಿಕೊಳ್ಳಿ ಎನ್ನುತ್ತೇನೆ.

ಕೂಡಿದ ಮರುದಿನದ ಒದ್ದೆ ವೀರ್ಯದ್ದೂ ಇರಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ತುರಿಕೆ, ದುರ್ವಾಸನೆ ಇದ್ದರೆ ಸೋಂಕಿರಬಹುದು, ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಪಿಸಿಒಡಿ ಇದ್ದವರಲ್ಲಿ ಅಂಡಾಣು ಬಿಡುಗಡೆಯಾಗದೆಯೂ ಇಂಥ ಲೋಳೆ ಮತ್ತೆ ಮತ್ತೆ ಬಂದು ಹೋಗುವುದುಂಟು.