30 ಅಡಿ ಲೆಕ್ಕದಲ್ಲಿ ಗೋಡೆ ಎಲ್ಲಿ?

"ನಮ್ಮದು 30x40 ಸೈಟ್. ಎರಡೂ ಪಕ್ಕ 1 ಮೀಟರ್ ಸೆಟ್‌ಬ್ಯಾಕ್ ಬಿಡಿ ಅಂದ್ರು, 3'3" ಬಿಟ್ಟಿದೀನಿ. ಹಾಲ್ 12', ರೂಮ್ 11'6". ಕೂಡಿದ್ರೆ ಸರಿಯಾಗಿ 30 ಅಡಿ. ಆದ್ರೂ ಪ್ಲಾನ್ ವಾಪಸ್ ಬಂತು, ಯಾಕೆ?"

ಗೋಡೆ ಎಲ್ಲಿ ಸ್ವಾಮಿ? ನೀವು ಕೂಡಿದ 30 ಅಡಿಯಲ್ಲಿ ಒಂದು ಗೋಡೆಯೂ ಇಲ್ಲ. ರೂಮಿನ ಅಳತೆ ಅಂದ್ರೆ ಗೋಡೆಯಿಂದ ಗೋಡೆಗೆ ಒಳಗಿನ ಅಳತೆ. ಸೆಟ್‌ಬ್ಯಾಕ್ ಅಂದ್ರೆ ಸೈಟಿನ ಗಡಿಯಿಂದ ಹೊರಗೋಡೆಯ ಹೊರಮೈವರೆಗೆ. ನಡುವೆ ಗೋಡೆಯ ದಪ್ಪ ಉಳಿಯುತ್ತಲ್ಲ, ಅದನ್ನ ಎಲ್ಲರೂ ಮರೆಯುತ್ತಾರೆ. ನಾನೂ ಮೊದಲ ಸಲ ಮರೆತಿದ್ದೆ.

ಇನ್ನೊಂದು ಸಣ್ಣ ತಪ್ಪೂ ಇದೆ. 1 ಮೀಟರ್ ಅಂದ್ರೆ 39.37 ಇಂಚು, ಅಂದ್ರೆ 3'3" ಮೇಲೆ ಇನ್ನೂ ಚೂರು. ನೀವು ಬಿಟ್ಟ 3'3" ಮೀಟರಿಗೆ ತಿರುಗಿಸಿದ್ರೆ 0.99 ಆಗುತ್ತೆ, ನಿಯಮಕ್ಕಿಂತ ಕಮ್ಮಿ. ಮೀಟರಿನಿಂದ ಅಡಿಗೆ ಬರುವಾಗ ಯಾವಾಗಲೂ ಮೇಲಕ್ಕೇ ಏರಿಸಿ, 3'4" ಬರೆಯಿರಿ.

ಈಗ ಎಡಗಡೆ ಗಡಿಯಿಂದ ಬಲಗಡೆ ಗಡಿಗೆ ಒಂದು ಗೆರೆ ಎಳೆದು, ಆ ಗೆರೆ ದಾಟುವ ಎಲ್ಲವನ್ನೂ ಸಾಲಾಗಿ ಬರೆಯಿರಿ. ಹೊರಗೋಡೆ 6 ಇಂಚಿನ ಬ್ಲಾಕ್, ಒಳಗೋಡೆ 4 ಇಂಚು ಅಂತ ಇಟ್ಕೊಳ್ಳೋಣ:

```
3'4" + 6" + 11'6" + 4" + 10'6" + 6" + 3'4" = 30'0"
```

ಹಾಲ್ 11'6", ರೂಮ್ 10'6". ಇಷ್ಟೇ ಸಿಗೋದು. 9 ಇಂಚಿನ ಇಟ್ಟಿಗೆ ಗೋಡೆ ಕಟ್ಟಿಸ್ತೀರಿ ಅಂದ್ರೆ ಎರಡು ಹೊರಗೋಡೆಗೆ ಇನ್ನೂ 6 ಇಂಚು ಹೋಗುತ್ತೆ, ಅದನ್ನ ಹಾಲಿನಿಂದಲೋ ರೂಮಿನಿಂದಲೋ ಕೊಡಬೇಕು, ಸೆಟ್‌ಬ್ಯಾಕ್‌ನಿಂದ ಮಾತ್ರ ತೆಗೆಯಬೇಡಿ. ಮುಂದಿನಿಂದ ಹಿಂದಕ್ಕೆ 40 ಅಡಿಗೂ ಹೀಗೇ ಕೂಡಿ. ಗೋಡೆಗಳ ಜೋಡಣೆ ಬದಲಾಗುವ ಕಡೆಯೆಲ್ಲ ಹೊಸ ಗೆರೆ ಬೇಕು, ಒಂದೇ ಗೆರೆ ಸಾಲದು.

ಕಂಪ್ಯೂಟರಿನಲ್ಲಿ ಬಿಡಿಸೋದಾದ್ರೆ 11'6" ಅನ್ನ 11.6 ಅಂತ ಒತ್ತಬೇಡಿ. 6 ಇಂಚು ಅಂದ್ರೆ ಅರ್ಧ ಅಡಿ, ಅದು 11.5. 11.6 ಅಡಿ ಅಂದ್ರೆ 11 ಅಡಿ 7 ಇಂಚಿಗೂ ಜಾಸ್ತಿ. ಆಟೋಕ್ಯಾಡ್‌ನಲ್ಲಿ `UNITS` ಕೊಟ್ಟು Architectural ಆರಿಸಿಕೊಂಡ್ರೆ `11'6"` ಅಂತಲೇ ಒತ್ತಬಹುದು. ಆದ್ರೆ ಅಲ್ಲಿ ಅಡಿಯ ಗುರುತು ಮರೆತು ಬರೀ 11 ಒತ್ತಿದ್ರೆ 11 ಇಂಚಿನ ಗೆರೆ ಬರುತ್ತೆ.

ಹೊಸ ಪ್ಲಾನ್ ಬಿಡಿಸೋ ಮುಂಚೆ ಟೇಪ್ ಹಿಡಿದು ಸೈಟಿಗೆ ಹೋಗಿ. ನಾಲ್ಕೂ ಬದಿ ಅಳೆದು, ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. 30x40 ಸೈಟಿನ ನಾಲ್ಕೂ ಮೂಲೆ ಸರಿಯಾಗಿ 90 ಡಿಗ್ರಿ ಇದ್ರೆ ಎರಡೂ ಸರಿಯಾಗಿ 50 ಅಡಿ ಬರಬೇಕು. ನಮ್ಮ ಸೈಟಿಗೆ ಪತ್ರದಲ್ಲಿ 30 ಇತ್ತು, ಹಿಂದಿನ ಬದಿ ಅಳೆದಾಗ 29'8" ಸಿಕ್ತು. ಆ 4 ಇಂಚು ಹಿಂದಿನ ರೂಮಿನಿಂದ ಹೋಯ್ತು. ನಿಮಗೂ ಹಾಗೆ ಬಂದ್ರೆ ಕಮ್ಮಿ ಇರುವ ಬದಿಯ ಅಳತೆಗೇ ಮೇಲಿನ ಲೆಕ್ಕ ಹೊಂದಿಸಿ, ಆಮೇಲೆ ಸಹಿ ಹಾಕುವ ಇಂಜಿನಿಯರಿಗೆ ಕೊಡಿ.