ಬೆಂಚ್ ಪ್ರೆಸ್ 70 ಕೆಜಿಗೇ ನಿಂತಿದೆ, ಏನ್ ಚೆಕ್ ಮಾಡ್ಬೇಕು?

"ನಾಲ್ಕು ತಿಂಗಳಿಂದ 70 ಕೆಜಿ 5 ರೆಪ್ ದಾಟ್ತಾ ಇಲ್ಲ. ಸೋಮವಾರ ಚೆಸ್ಟ್ ಡೇ, ಒಂದಿನಾನೂ ತಪ್ಪಿಸಲ್ಲ. ಪ್ರೋಗ್ರಾಮ್ ಚೇಂಜ್ ಮಾಡ್ಲಾ?"

ನಂದೂ ಇದೇ 70ರಲ್ಲೇ ಐದು ತಿಂಗಳು ಕೂತಿತ್ತು. ಪ್ರೋಗ್ರಾಮ್ ಮುಟ್ಟೋಕೆ ಮುಂಚೆ ಸ್ಪಾಟರ್‌ಗೆ ಬಾರ್ ಮುಟ್ಲೇಬೇಡ ಅಂತ ಹೇಳಿ ಒಂದು ಸೆಟ್ ಹೊಡೀರಿ, ಸೈಡಿಂದ ವಿಡಿಯೋನೂ ತೆಗ್ಸಿ. ನಂಗೆ ಅವತ್ತು ಬಂದಿದ್ದು ಮೂರೇ ರೆಪ್, ಉಳಿದೆರಡು ನನ್ ಫ್ರೆಂಡ್‌ದು ಅಂತ ಆಗ ಗೊತ್ತಾಯ್ತು 😅

ವಿಡಿಯೋದಲ್ಲಿ ಇನ್ನೊಂದು ಕಾಣಿಸ್ತು, ಬಾರ್ ಕುತ್ತಿಗೆ ಹತ್ರ ಇಳೀತಿತ್ತು, ಮೊಣಕೈ ಎರಡೂ ಭುಜದ ನೇರಕ್ಕೆ ಅಗಲವಾಗಿ ಹೋಗಿತ್ತು. ಎದೆಯ ಕೆಳಭಾಗಕ್ಕೆ ಇಳಿಸಿ, ಮೇಲೆ ಬರ್ತಾ ಸ್ವಲ್ಪ ಭುಜದ ಕಡೆಗೆ ತಳ್ಳೋದನ್ನ 60 ಕೆಜಿಲಿ ಮೂರು ವಾರ ಕಲ್ತೆ. ಇದ್ರಿಂದ ಭುಜದ ನೋವು ಹೋಯ್ತು, ಸ್ಪಾಟರ್ ಇಲ್ದೆ 70ಕ್ಕೆ ಐದು ಬಂತು, ಅಷ್ಟೇ, ಹೊಸ ನಂಬರೇನೂ ಬರ್ಲಿಲ್ಲ.

ಆಮೇಲೆ ಡೈರಿ ತೆಗೆದು ನೋಡಿದ್ರೆ ವಾರಕ್ಕೊಂದೇ ದಿನ ನಾಲ್ಕು ಸೆಟ್, ಎಲ್ಲಾನೂ ಕೈ ಸೋಲೋವರೆಗೆ, 5, 4, 3, 2. ಒಟ್ಟು ಹದಿನಾಲ್ಕು ರೆಪ್, ಆಮೇಲೆ ಆರು ದಿನ ಏನೂ ಇಲ್ಲ, ಇಷ್ಟಕ್ಕೆ ಹೇಗ್ ಬೆಳೀಬೇಕು ಹೇಳಿ. ಸೋಮವಾರ 62.5ಕ್ಕೆ 5 ರೆಪ್‌ದು ನಾಲ್ಕು ಸೆಟ್, ಗುರುವಾರ 55ಕ್ಕೆ 8 ರೆಪ್‌ದು ನಾಲ್ಕು ಸೆಟ್ ಅಂತ ಮಾಡ್ಕೊಂಡೆ, ಪ್ರತಿ ಸೆಟ್‌ಲೂ ಇನ್ನೊಂದೆರಡು ರೆಪ್ ಬರುತ್ತೆ ಅನ್ನೋವಾಗ್ಲೇ ಬಾರ್ ಇಡೋದು. ಆರು ವಾರಕ್ಕೆ 72.5ಕ್ಕೆ ಐದು ಹೊಡ್ದೆ. ನಮ್ ಜಿಮ್ಮಲ್ಲಿ 2.5ಕ್ಕಿಂತ ಚಿಕ್ಕ ಪ್ಲೇಟ್ ಇರ್ಲಿಲ್ಲ, ಅಂದ್ರೆ ಒಂದೇ ಸಲಕ್ಕೆ 5 ಕೆಜಿ ಜಾಸ್ತಿ, ಅದಕ್ಕೆ 1.25ದು ಒಂದ್ ಜೊತೆ ನಾನೇ ತಗೊಂಡೆ.

ಅಲ್ಲಿಂದ ಮತ್ತೆ ನಿಂತ್ಹೋಯ್ತು. ಈ ಸಲ ಊಟ. ಚೆನ್ನಾಗ್ ತಿಂತೀನಿ ಅನ್ಕೊಂಡಿದ್ದೆ, ಆದ್ರೆ ದಿನಾ ಬೆಳಗ್ಗೆ ತೂಕ ನೋಡಿ ವಾರದ ಸರಾಸರಿ ತೆಗೆದ್ರೆ ಎರಡು ತಿಂಗಳಿಂದ 66ರಲ್ಲೇ ಇದೀನಿ. ಅನ್ನ ಸಾರಲ್ಲಿ ಹೊಟ್ಟೆ ತುಂಬುತ್ತೆ, ಪ್ರೋಟೀನ್ ತುಂಬಲ್ಲ. ಕೆಜಿಗೆ 1.6 ಗ್ರಾಂ ಲೆಕ್ಕದಲ್ಲಿ ನಂಗೆ 105 ಗ್ರಾಂ ಬೇಕಿತ್ತು, ಸಿಗ್ತಿದ್ದಿದ್ದು ಅದರರ್ಧ. ಮಧ್ಯಾಹ್ನದ ಅನ್ನ ಕಮ್ಮಿ ಮಾಡಿ 50 ಗ್ರಾಂ ಸೋಯಾ ಚಂಕ್ಸ್ ಪಲ್ಯ (ಇದ್ರಲ್ಲೇ 25 ಗ್ರಾಂ ಬರುತ್ತೆ), ಮೇಲೆ ಮೂರು ಮೊಟ್ಟೆ, ಒಂದ್ ಲೋಟ ಹಾಲು ಸೇರಿಸ್ದೆ. ಎರಡು ತಿಂಗಳಲ್ಲಿ ತೂಕ 67.5, ಬೆಂಚ್ 77.5. ಹೊಟ್ಟೆ ಸ್ವಲ್ಪ ಬಂತು, ಪರ್ವಾಗಿಲ್ಲ.

ಒಂದೊಂದನ್ನೇ ಬದಲಾಯ್ಸಿ, ಮೂರ್ನಾಲ್ಕು ವಾರ ಬಿಟ್ಟು ನೋಡಿ, ಎಲ್ಲಾ ಒಟ್ಟಿಗೆ ಮಾಡಿದ್ರೆ ಯಾವುದು ಕೆಲ್ಸ ಮಾಡ್ತು ಅಂತ ತಿಳಿಯಲ್ಲ. ನಿದ್ದೆ ಎಷ್ಟು ಗಂಟೆ ಅಂತ ಡೈರಿಲಿ ಪಕ್ಕದಲ್ಲೇ ಬರೀರಿ, ನಂದು ನೈಟ್ ಶಿಫ್ಟ್ ವಾರದಲ್ಲಿ ಐದೇ ಗಂಟೆ, ಆ ವಾರ ಪ್ರತಿ ಸಲ ಒಂದೆರಡು ರೆಪ್ ಕಮ್ಮಿ. ಹಾಗಾಗಿ ಆ ವಾರ ತೂಕ ಏರಿಸೋಕೆ ಹೋಗಲ್ಲ, ಒಂದು ಸೆಟ್ ಕಮ್ಮಿ ಮಾಡಿ ಮನೆಗೆ ಹೋಗಿ ಮಲಗ್ತೀನಿ.